ಮಾನ್ಯರೇ, ತಾವ್ಯಾರು?

ಸರಸ್ವತಿಪುರಂ ಮನೆಯ ಜಗಲಿಯಲ್ಲಿ ಹುಡುಗಿ ಅರ್ಜಿ ಬರೆಯಲು ಕೂತಿದ್ದಾಳೆ. ಹೆಬ್ಬಾಳದ ಕಾರ್ಖಾನೆಯೊಂದಕ್ಕೆ ಅಕೌಂಟೆಂಟ್ ಬೇಕಂತೆ. ಜಾಹೀರಾತಿನಲ್ಲಿ ಇಮೇಲ್, ಫೋನ್ ನಂಬರ್ ಇದೆ, ಹೆಸರಿಲ್ಲ.

"ದೊಡ್ಡಪ್ಪ, 'ಡಿಯರ್ ಸರ್' ಅಂತ ಹಾಕಲಾ?"

"ಓದೋರು ಹೆಂಗಸಾದ್ರೆ?"

"'ಡಿಯರ್ ಸರ್ ಆರ್ ಮೇಡಂ'?"

"ಊಟಕ್ಕೆ ಕರೆದು, ನಿಮ್ಮಲ್ಲಿ ಯಾರಾದ್ರೂ ಒಬ್ರು ಬನ್ನಿ ಅಂದಂಗೆ."

"'ಟು ಹೂಮ್ ಇಟ್ ಮೇ ಕನ್ಸರ್ನ್'?"

"ಅದು ನಡತೆ ಸರ್ಟಿಫಿಕೇಟಿಗೆ ಕಣೇ. ನಾಳೆ ಯಾರ ಕೈ ಸೇರುತ್ತೋ ಗೊತ್ತಿಲ್ಲದ ಕಾಗದ ಅದು. ನಿನ್ನ ಅರ್ಜಿ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಲ್ಲ! ನಾನು ಕಚೇರೀಲಿ 'ಮಾನ್ಯರೇ' ಅಂತಲೇ ಮೂವತ್ತು ವರ್ಷ ತಳ್ಳಿದೆ. ಆ 'ರೇ'ಯಲ್ಲಿ ಗಂಡೂ ಉಂಟು, ಹೆಣ್ಣೂ ಉಂಟು. ಗೌರವ ಬಿಟ್ಟಿ."

"ಅರ್ಜಿ ಇಂಗ್ಲಿಷಲ್ಲಿ ಬೇಕಂತೆ."

"ಹಾಗಾದ್ರೆ ಹುದ್ದೆಗೇ ನಮಸ್ಕಾರ ಹಾಕು, 'ಡಿಯರ್ ಹೈರಿಂಗ್ ಮ್ಯಾನೇಜರ್'. ಅದಕ್ಕೂ ಮೊದಲು ಫೋನ್ ಮಾಡಿ ಹೆಸರು ಕೇಳು."

ಕೇಳಿದಳು. ಮುಖ ಇನ್ನಷ್ಟು ಬಾಡಿತು.

"ಎಸ್. ಶಶಿ ಅಂತೆ. ಗಂಡೋ ಹೆಣ್ಣೋ ಕೇಳೋಷ್ಟರಲ್ಲಿ ಇಟ್ಟೇಬಿಟ್ರು."

"ಮಿಸ್ಟರೂ ಬೇಡ, ಮಿಸ್ಸೂ ಬೇಡ. ಇನಿಷಿಯಲ್ ಸಮೇತ 'ಡಿಯರ್ ಎಸ್. ಶಶಿ' ಅನ್ನು. ಸ್ಪೆಲ್ಲಿಂಗು? ಎಸ್ ಆದಮೇಲೆ ಎಚ್ ಇದೆಯೋ ಇಲ್ವೋ?"

"ಅಯ್ಯೋ!"

"ಮಾಡು, ಇನ್ನೊಂದು ಸಲ ಫೋನು."