ಟಕ್ ಅಂದವರು ಯಾರು?

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ‘ಕಾದರೆ ವಸ್ತುಗಳು ಹಿಗ್ಗುತ್ತವೆ, ಆರಿದರೆ ಕುಗ್ಗುತ್ತವೆ’ ಎಂದು ಹೇಳಿ, ರೈಲು ಹಳಿಗಳ ನಡುವೆ ಸಂದು ಬಿಡುವುದು ಏಕೆಂದು ಕೇಳಿ, ಉತ್ತರ ಬಾರದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಆ ಮಕ್ಕಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ನಿವೃತ್ತನಾದ ಮೇಲೆ ನನ್ನ ಕಣ್ಣು ತಾರಸಿಯ ಪೈಪಿನ ಮೇಲೆ ಬಿತ್ತು. ಸಿಂಟೆಕ್ಸಿನಿಂದ ಹೊರಟು ಪ್ಯಾರಪೆಟ್ ಗೋಡೆಯ ಗುಂಟ 12 ಮೀಟರು ಓಡಿ ಬಚ್ಚಲ ಕಡೆ ಇಳಿಯುವ ಒಂದಿಂಚಿನ ಪಿವಿಸಿ ಪೈಪು. ಎಂಟು ವರ್ಷ ಶಿವಮೊಗ್ಗದ ಬಿಸಿಲು ಕುಡಿದು ಬಿಳಿ ಹೋಗಿ ಹಳೇ ಹಲ್ಲಿನ ಬಣ್ಣ ಬಂದಿತ್ತು. ಬೆರಳಲ್ಲಿ ಉಜ್ಜಿದರೆ ವಿಭೂತಿಯಂಥ ಪುಡಿ. ಮೊದಲು ಕೂರಿಸಿದ ಪುಣ್ಯಾತ್ಮ ಮೂರೇ ಮೂರು ಕ್ಲಾಂಪು ಹೊಡೆದು ದುಡ್ಡು ಎಣಿಸಿಕೊಂಡು ಹೋಗಿದ್ದ. ಹಾಗಾಗಿ ಪೈಪು ನಡುನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿತ್ತು.

ಅದಕ್ಕೆ ಶಿಸ್ತು ಕಲಿಸುವ ಹುಕಿ ನನಗೆ ಬಂತು. ಅಂಗಡಿಗೆ ಹೋಗಿ ಕಬ್ಬಿಣದ ಕ್ಲಾಂಪು ತಂದೆ. ಅಡಿಗೊಂದರಂತೆ 39 ಹೊಡೆದೆ. ಎಲ್ಬೋ ಇದ್ದ ಕಡೆ ಎರಡೂ ಮಗ್ಗುಲಿಗೆ ಒತ್ತಿಯೇ ಹೊಡೆದೆ. ಒಂದೊಂದು ಸ್ಕ್ರೂವನ್ನೂ ಇನ್ನು ತಿರುಗುವುದಿಲ್ಲ ಎಂದು ಅದೇ ಅಂಗಲಾಚುವವರೆಗೂ ತಿರುಗಿಸಿದೆ. ಕೆಲಸ ಮುಗಿದಾಗ ಸುಡುವ ಮಧ್ಯಾಹ್ನ. ಪೈಪು ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ ನೆಟ್ಟಗಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. “ಚೆನ್ನಾಗಿದೆ, ಕೆಳಗೆ ಬಂದು ಊಟ ಮಾಡಿ” ಅಂದಳು.

ಅವತ್ತು ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು. ಆ ಮೌನದಲ್ಲಿ ತಾರಸಿಯ ಮೇಲೆ ‘ಟಕ್’ ಅಂತು.

ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಮತ್ತೆ ‘ಟಕ್’. ಆಮೇಲೆ ಇನ್ನೊಂದು ಕಡೆಯಿಂದ ‘ಟಕ್ ಟಕ್’. ಯಾರೋ ಹುಷಾರಾಗಿ ಹೆಜ್ಜೆ ಇಡುತ್ತಿದ್ದಾರೆ! ಹಿಂದಿನ ವಾರವಷ್ಟೇ ಆಚೆ ಬೀದಿಯಲ್ಲಿ ಗ್ಯಾಸ್ ಸಿಲಿಂಡರ್ ಕದ್ದಿದ್ದರು. ಮೂಲೆಯಲ್ಲಿದ್ದ ಬಡಿಗೆ ಎತ್ತಿಕೊಂಡೆ. “ರೀ, ಬೇಡ” ಎಂದು ಹೆಂಡತಿ ಅನ್ನುವಷ್ಟರಲ್ಲಿ ಪಂಚೆ ಎತ್ತಿ ಕಟ್ಟಿ ಮೆಟ್ಟಿಲು ಹತ್ತಿದ್ದೆ. ಚಪ್ಪಲಿ ಸದ್ದಾಗಬಾರದೆಂದು ಬರಿಗಾಲು. ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ. ತಾರಸಿಯ ನೆಲ ಇನ್ನೂ ಕಾದ ಹೆಂಚು. ಒಂದು ಪಾದ ಎತ್ತಿ ಇನ್ನೊಂದು ಇಡುತ್ತ, ಬಡಿಗೆ ಹಿಡಿದು ಕೂತ ಆ ಭಂಗಿಯನ್ನು ಈಗ ನೆನೆದರೆ ನನಗೇ ಕಳ್ಳನ ಮೇಲೆ ಕನಿಕರ ಬರುತ್ತದೆ. ಹತ್ತು ನಿಮಿಷ ಕಳೆಯಿತು. ಸೊಳ್ಳೆಗಳು ಬಂದು ವಿಚಾರಿಸಿಕೊಂಡು ಹೋದವು. ಕಳ್ಳನೂ ಮಹಾ ತಾಳ್ಮೆಯವನು, ಉಸಿರೆತ್ತಲಿಲ್ಲ. ನನ್ನ ಮೊಣಕಾಲು ‘ಲಟ್’ ಅಂತು. ಅವನು ‘ಟಕ್’ ಎಂದು ಉತ್ತರ ಕೊಟ್ಟ. ಕಿವಿಯ ಪಕ್ಕದಲ್ಲೇ! “ಯಾವನೋ ಅವನು!” ಎಂದು ಕಣ್ಣು ಮುಚ್ಚಿ ಬೀಸಿದೆ.

ಏಟು ಸರಿಯಾಗಿಯೇ ಬಿತ್ತು. ಪೈಪಿಗೆ. ಅದು ಹಪ್ಪಳದ ಹಾಗೆ ಪುಡಿಪುಡಿಯಾಯಿತು. ಟ್ಯಾಂಕಿನ ಸಾವಿರ ಲೀಟರು ನನ್ನ ತೊಡೆಯ ಮೇಲೆ ಇಳಿಯತೊಡಗಿತು. ಟ್ಯಾಂಕಿನ ವಾಲ್ವು ತುಕ್ಕು ಹಿಡಿದು ತಿರುಗಲೊಲ್ಲದು. ಎರಡೂ ಕೈಯಲ್ಲಿ ಒಡಕನ್ನು ಅಮುಕಿ ಹಿಡಿದು ನಿಂತೆ. ಪಕ್ಕದ ಮನೆಯವರು ಟಾರ್ಚು ಬಿಟ್ಟು, “ಕಳ್ಳ ಸಿಕ್ಕಿದ್ನಾ ಸಾರ್?” ಅಂದರು.

“ಸಿಕ್ಕಿದ್ದಾನೆ, ಹಿಡ್ಕೊಂಡೇ ಇದ್ದೀನಿ” ಅಂದೆ. ಸುಳ್ಳಲ್ಲವಲ್ಲ.

ಬೆಳಿಗ್ಗೆ ಪ್ಲಂಬರ್ ಬಂದ. ಪ್ರಾಯದ ಹುಡುಗ, ನನ್ನ ಶಾಲೆಯವನಲ್ಲ, ಅದೊಂದು ಸಮಾಧಾನ. ಕ್ಲಾಂಪುಗಳನ್ನು ಒಂದೊಂದಾಗಿ ಎಣಿಸಿ ನನ್ನ ಮುಖ ನೋಡಿದ. “ಸಾರ್, ಹಗಲು ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ. ನೀವು ಕುತ್ತಿಗೆ ಹಿಡಿದಂಗೆ ಹಿಡಿದುಬಿಟ್ರೆ ಜಗ್ಗಿ ಜಗ್ಗಿ ಜಾರ್ತದೆ. ಆವಾಗ ಟಕ್ ಅನ್ನುತ್ತೆ” ಅಂದ.

ಅವನು ಅತ್ತ ತಿರುಗಿದಾಗ ಗುಟ್ಟಾಗಿ ಲೆಕ್ಕ ಹಾಕಿದೆ. ಪಿವಿಸಿ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 0.07 ಮಿಲಿಮೀಟರ್ ಹಿಗ್ಗುತ್ತದೆ. 12 ಮೀಟರು, ಹಗಲಿಗೂ ರಾತ್ರಿಗೂ 30 ಡಿಗ್ರಿ ವ್ಯತ್ಯಾಸ ಅಂದರೆ 25 ಮಿಲಿಮೀಟರ್. ದಿನಾ ಒಂದಿಂಚು ಹೋಗಿಬರುವ ವಸ್ತುವಿಗೆ ನಾನು 39 ಬೇಡಿ ತೊಡಿಸಿದ್ದೆ.

ಆಮೇಲೆ ಅವನು ಒಂದು ಪ್ರಯೋಗ ಮಾಡಿದ. ಅದೇ ಪೈಪಿನ ಎರಡು ತುಂಡು: ಒಂದು ತಾರಸಿಯದು, ಇನ್ನೊಂದು ನೆರಳಲ್ಲಿ ಬಚ್ಚಲಿಗೆ ಇಳಿದ ಭಾಗದ್ದು. ಎರಡನ್ನೂ ಇಟ್ಟಿಗೆಯ ಮೇಲಿಟ್ಟು ಸ್ಪ್ಯಾನರಿನಿಂದ ಒಂದೊಂದು ಕೊಟ್ಟ. ನೆರಳಿನದು ಪುಟಿದು ಉರುಳಿತು. ಬಿಸಿಲಿನದು ಚೂರಾಯಿತು. ಚೂರಿನ ಅಂಚು ತೋರಿಸಿದ: ಕೂದಲೆಳೆಯಷ್ಟು ಹೊರಪದರ ಮಾತ್ರ ಹಳದಿ, ಒಳಗೆಲ್ಲ ಹೊಸದರಂತೆ ಬಿಳಿ. ಬಿಸಿಲಿನ ನೇರಳಾತೀತ ಕಿರಣ ಕೆಡಿಸುವುದು ಆ ಚರ್ಮವನ್ನು ಮಾತ್ರ. ಪೆಟ್ಟು ಬಿದ್ದರೆ ಬಿರುಕು ಅಲ್ಲಿ ಹುಟ್ಟಿ ಒಳಕ್ಕೆ ಓಡುತ್ತದೆ.

“ಒಳಗಿನ ಪ್ರೆಶರ್ ಮೊದಲಿನ ಹಾಗೇ ತಡೀತದೆ ಸಾರ್. ಹೊರಗಿನ ಪೆಟ್ಟು ಮಾತ್ರ ತಡಿಯಲ್ಲ” ಅಂದ.

ಕಾಫಿ ತಂದಿದ್ದ ಹೆಂಡತಿ ನನ್ನ ಕಡೆ ನೋಡಿದಳು. ಏನೂ ಅನ್ನಲಿಲ್ಲ. ಹಿಂದಿನ ತಿಂಗಳು ಮಗ ಫೋನಿನಲ್ಲಿ “ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ ಅಪ್ಪ” ಅಂದ ಒಂದು ಮಾತಿಗೆ ನಾನು ಎರಡು ದಿನ ಊಟ ಬಿಟ್ಟಿದ್ದು ಅವಳಿಗೆ ನೆನಪಾಗಿರಬೇಕು. ಮೂವತ್ತೊಂದು ವರ್ಷ ಎಂತೆಂಥ ಮಾತನ್ನೋ ನುಂಗಿಕೊಂಡವನು. ಕಾಫಿ ಕುಡಿದು ಲೋಟ ಕೊಟ್ಟೆ.

ಹೊಸ ಪೈಪು ಬಂತು. ಬಣ್ಣ ನಾನೇ ಹಚ್ಚುತ್ತೇನೆಂದು ಗೇಟಿಗೆ ಬಳಿದು ಉಳಿದಿದ್ದ ಹಸಿರು ಆಯಿಲ್ ಪೇಂಟು, ಥಿನ್ನರು ತಂದೆ. ಅವನು ಕೈಯಿಂದ ಕಸಿದುಕೊಂಡ. ಥಿನ್ನರು ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ, ಗಾಢ ಬಣ್ಣ ಬಿಸಿಲನ್ನು ಹೀರಿ ಇನ್ನಷ್ಟು ಕಾಯಿಸುತ್ತದೆ. ಬೇಕಾದ್ದು ಗೋಡೆಯ ಹೊರಮೈಗೆ ಹಚ್ಚುವ, ನೀರಿನಲ್ಲಿ ಕಲಸುವ ಬಿಳಿ ಎಮಲ್ಷನ್. ನುಣುಪು ಹೋಗುವಷ್ಟು ಸಣ್ಣ ಮರಳು ಕಾಗದದಲ್ಲಿ ತಿಕ್ಕಿ, ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಸುತ್ತಲೂ ಎರಡು ಕೋಟು. ತುದಿಗಳಲ್ಲಿ ಎರಡೆರಡು ಇಂಚು ಬಿಡಬೇಕು, ಬಣ್ಣದ ಮೇಲೆ ಸಾಲ್ವೆಂಟ್ ಹಿಡಿಯುವುದಿಲ್ಲ. ಜೋಡಿಸಿದ ಮೇಲೆ ಅಲ್ಲಿಗೆ ಹಚ್ಚಿದರಾಯಿತು.

ಬಟ್ಟೆ ಒಣಹಾಕಲು ಓಡಾಡುವ ಕಡೆ ಒಂದು ಗಜ ತಗಡಿನ ಚಾನಲ್ಲನ್ನು ಕವುಚಿ ಎರಡೂ ಬದಿ ಇಟ್ಟಿಗೆಯ ಮೇಲೆ ಕೂರಿಸಿದ. ಕಾಲು ತಾಗಿದರೆ ತಗಡಿಗೆ ತಾಗಬೇಕು, ತಗಡು ಪೈಪಿಗೆ ತಾಗಬಾರದು. ನಾನು ಅದನ್ನು ನೆಲಕ್ಕೆ ಸ್ಕ್ರೂ ಹೊಡೆಯಲು ಡ್ರಿಲ್ ಎತ್ತಿದೆ. “ತಾರಸಿ ಸೋರ್ಬೇಕಾ ಸಾರ್?” ಅಂದ. ಇಳಿಸಿದೆ.

ಕೊನೆಗೆ ಕ್ಲಾಂಪು. ಈ ಸಲ ಪ್ಲಾಸ್ಟಿಕ್ಕಿನವು, ಮೂರಡಿಗೊಂದರಂತೆ 13. ನಡುವಿನದೊಂದು ಬಿಗಿ, ಉಳಿದ 12 ಸಡಿಲ, ಎಲ್ಬೋದಿಂದ ದೂರ. “ಪೈಪಿಗೂ ಕ್ಲಾಂಪಿಗೂ ಮಧ್ಯೆ ಒಂದು ದಪ್ಪ ಕಾಗದ ತೂರಬೇಕು ಸಾರ್, ಇದ್ರೆ ಕೊಡಿ.” ಕೆಳಗೆ ಓಡಿ ಟೀಪಾಯಿಯ ಮೇಲೆ ಕಂಡದ್ದನ್ನು ಎತ್ತಿಕೊಂಡು ಬಂದು, ಉತ್ಸಾಹದಲ್ಲಿ 12 ಪಟ್ಟಿ ಕತ್ತರಿಸಿ ಎಲ್ಲ ಸಂದಿಗೂ ತೂರಿಸಿದೆ.

ಅಂದು ರಾತ್ರಿ ಒಂಬತ್ತಾಯಿತು, ಹತ್ತಾಯಿತು. ಟಕ್ ಅನ್ನಲಿಲ್ಲ. ಒಳ್ಳೆಯ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಹೆಂಡತಿ ರೇಷ್ಮೆ ಸೀರೆ ಉಟ್ಟು ಮನೆಯೆಲ್ಲ ತಡಕಾಡುತ್ತಿದ್ದಳು. “ರೀ, ಲಗ್ನಪತ್ರಿಕೆ ಇಲ್ಲೇ ಟೀಪಾಯಿ ಮೇಲಿತ್ತಲ್ಲ? ಛತ್ರ ಯಾವುದು ಅಂತ ನೋಡ್ಬೇಕಿತ್ತು.”

ನಾನು ಮಾತಿಲ್ಲದೆ ಮೆಟ್ಟಿಲು ಹತ್ತಿದೆ. ಮುಹೂರ್ತ ನಾಲ್ಕನೇ ಕ್ಲಾಂಪಿನಲ್ಲಿ ಸಿಕ್ಕಿತು. ಛತ್ರವನ್ನು ಹುಡುಕುತ್ತಿದ್ದೇನೆ.