ಹನ್ನೊಂದನೇ ಕರಡು

ನಮ್ಮ ಕಚೇರಿಯಲ್ಲಿ ಯಾರಿಗೆ ರಜೆ ಬೇಕಾದರೂ ಮೊದಲು ಹೋಗುವುದು ಮೇಡಂ ಹತ್ತಿರವಲ್ಲ, ಕರಡಪ್ಪನವರ ಹತ್ತಿರ. ಸೇವಾ ಪುಸ್ತಕದಲ್ಲಿ ಅವರ ಹೆಸರು ಬೇರೆ ಇದೆ. ಏನು ಬರೆದರೂ ಮೊದಲು ಕರಡು, ಆಮೇಲೆ ಆ ಕರಡಿಗೊಂದು ಕರಡು ಮಾಡುವ ಅಭ್ಯಾಸಕ್ಕೆ ನಾವು ಕೊಟ್ಟ ಬಿರುದು ಇದು. ಹುದ್ದೆ ದ್ವಿತೀಯ ದರ್ಜೆ ಸಹಾಯಕ. ಅವರ ಅತ್ತೆಯ ಬಾಯಲ್ಲಿ ಈಗಲೂ ‘ನಮ್ಮ ಗುಮಾಸ್ತ ಅಳಿಯಂದಿರು’.

ಬೇರೆಯವರ ರಜಾ ಅರ್ಜಿ ಅವರಿಗೆ ನಾಲ್ಕು ನಿಮಿಷದ ಕೆಲಸ. ಜೊತೆಗೆ ಸಲಹೆ ಉಚಿತ. “ಕಾರಣ ಒಂದೇ ಇರಲಿ ಕಣ್ರೀ. ಎರಡು ಕೊಟ್ರೆ ಎರಡೂ ಸುಳ್ಳು ಅನ್ಸುತ್ತೆ. ಹತ್ತರಲ್ಲಿ ಎಷ್ಟು ಮುಗೀತು, ಎಷ್ಟು ಬಾಕಿ ಅಂತ ನೀವೇ ಬರೆದುಬಿಡಿ, ರಿಜಿಸ್ಟರ್ ತರಿಸೋ ತಾಪತ್ರಯ ಅವರಿಗೆ ಬೇಡ. ನೀವಿಲ್ಲದಾಗ ನಿಮ್ಮ ಟೇಬಲ್ ನೋಡೋರು ಯಾರು ಅಂತ ಕೊನೇಲಿ ಒಂದು ಸಾಲು.” ಹತ್ತು ಅನ್ನುವಾಗ ಸಣ್ಣದೊಂದು ನಿಟ್ಟುಸಿರು. ಮೊದಲು ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆಯನ್ನು 2019ರಲ್ಲಿ ಸರ್ಕಾರ 10ಕ್ಕೆ ಇಳಿಸಿ, ಬದಲಿಗೆ ನಾಲ್ಕನೇ ಶನಿವಾರ ಬಿಡುವು ಕೊಟ್ಟಿತು. ಕರಡಪ್ಪನವರು ಆ ಐದು ದಿನಗಳಿಗಾಗಿ ಇನ್ನೂ ಸೂತಕದಲ್ಲಿದ್ದಾರೆ. ಹಾಗಂತ ಉಳಿದ ಹತ್ತನ್ನಾದರೂ ಬಳಸುತ್ತಾರೆಯೇ ಎಂದರೆ, ಅದೂ ಇಲ್ಲ. ಡಿಸೆಂಬರ್ 31ಕ್ಕೆ ಏಳೋ ಎಂಟೋ ರಜೆ ಅವರ ಲೆಕ್ಕದಲ್ಲಿ ಹಾಗೇ ಕೊಳೆತು ಹೋಗುತ್ತವೆ. ತಮ್ಮ ಅರ್ಜಿ ತಾವು ಬರೆಯಲು ಅವರಿಂದ ಆಗುವುದಿಲ್ಲ.

ಅದಕ್ಕೆ ಮೇಡಂ ಕಾರಣ, ಅಥವಾ ಮೇಡಂ ಕೈಯಲ್ಲಿರುವ ಹಸಿರು ಇಂಕಿನ ಪೆನ್ನು. ಸಿಗ್ನಲ್‌ನಲ್ಲಿ ಹಸಿರು ಕಂಡರೆ ಹೋಗಬಹುದು. ನಮ್ಮಲ್ಲಿ ಹಸಿರು ಕಂಡರೆ ಅಲ್ಲೇ ನಿಲ್ಲಬೇಕು. ಮೇಡಂ ಕೂಗಾಡುವವರಲ್ಲ. ಕಾಗದದ ಅಂಚಿನಲ್ಲಿ ‘ಏಕೆ?’ ಎಂದು ಎರಡಕ್ಷರ ಬರೆದು ವಾಪಸ್ ಕಳಿಸುತ್ತಾರೆ. ಆ ಎರಡಕ್ಷರಕ್ಕೆ ಉತ್ತರ ಬರೆಯಲು ಒಂದು ಶಾಖೆಗೆ ಒಂದು ವಾರ ಬೇಕು.

ಕರಡಪ್ಪನವರ ಮನೆ ಇರುವುದು ಸೋಲದೇವನಹಳ್ಳಿಯಲ್ಲಿ. ನನ್ನದು ಅದೇ ರಸ್ತೆಯಲ್ಲಿ ನಾಲ್ಕು ಮನೆ ಆಚೆ. ತುಮಕೂರು ಕಡೆಯಿಂದ ಬರುವ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತೇವೆ. ನಡುವೆ ಇರುವುದು ಚಿಕ್ಕಬಾಣಾವರ ಒಂದೇ ನಿಲ್ದಾಣ. ಹೋದ ಬೇಸಿಗೆಯಲ್ಲಿ ಅವರಿಗೆ ಒಂದು ದಿನದ ರಜೆ ಬೇಕಾಯಿತು. ಮನೆಯ ಸಂಪ್ ತೊಳೆಸಬೇಕಿತ್ತು.

ಸಂಪ್ ತೊಳೆಸುವುದು ಕೇಳಲು ಸಣ್ಣ ಕೆಲಸ. ಆದರೆ ಅದಕ್ಕೂ ಮುಹೂರ್ತ ಕೂಡಿಬರಬೇಕು. ನೀರು ತಳ ಕಂಡಿರಬೇಕು, ಇಲ್ಲವೆಂದರೆ ದುಡ್ಡು ಕೊಟ್ಟು ಹಾಕಿಸಿದ ನೀರನ್ನು ಮೋರಿಗೆ ಬಿಡಬೇಕಾಗುತ್ತದೆ. ಕೊನೆಯ ಅರ್ಧ ಅಡಿಯನ್ನು ಮೋಟಾರು ಎಳೆಯುವುದಿಲ್ಲ, ಬಕೆಟ್ಟಿನಲ್ಲಿ ಎತ್ತಬೇಕು. ಒಬ್ಬ ಕೆಳಗಿಳಿದರೆ ಇನ್ನೊಬ್ಬ ಮೇಲೆ ಕಾವಲು ನಿಂತಿರಬೇಕು. ಕೆಸರು ಬಳಿದು, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಎರಡು ಸಲ ತೊಳೆದು ಮುಗಿಸುವ ಹೊತ್ತಿಗೆ ಸರಿಯಾಗಿ ಟ್ಯಾಂಕರ್ ಬಂದು ಬಾಗಿಲಲ್ಲಿ ನಿಲ್ಲಬೇಕು. ತೊಳೆಯುವವರಿಗೆ ಭಾನುವಾರ ಪುರುಸೊತ್ತಿಲ್ಲ. ಟ್ಯಾಂಕರಿನವನು “ಮುಂದಿನ ಗುರುವಾರ ಬೆಳಿಗ್ಗೆ ಆದ್ರೆ ಗ್ಯಾರಂಟಿ ಸಾರ್” ಎಂದ. ಹೀಗೆ ಗುರುವಾರ ನಿಗದಿಯಾಯಿತು. ಅವನು ಹಾಗೆಂದ ದಿನ ಬುಧವಾರ. ಸಂಪಿನಲ್ಲಿ ನಾಲ್ಕು ಅಡಿ ನೀರಿತ್ತು. ಮೇಲಿನ ಬಾಡಿಗೆ ಮನೆಯೂ ಸೇರಿ ದಿನಕ್ಕೆ ಅರ್ಧ ಅಡಿ ಖರ್ಚು. ಲೆಕ್ಕ ಚೊಕ್ಕವಾಗಿತ್ತು.

ಮೊದಲ ಕರಡನ್ನು ಅವರು ಆ ಸಂಜೆಯೇ ಬರೆದರು. ‘ಮನೆಯ ಸಂಪ್ ತೊಳೆಸಬೇಕಾಗಿರುವುದರಿಂದ ಮುಂದಿನ ಗುರುವಾರ ಒಂದು ದಿನದ ಸಾಂದರ್ಭಿಕ ರಜೆ ಮಂಜೂರು ಮಾಡಬೇಕೆಂದು ಕೋರುತ್ತೇನೆ.’ ನಾನು ಓದಿ, “ಇಷ್ಟೇ ತಾನೇ, ನಾಳೆ ಕೊಟ್ಟುಬಿಡಿ” ಎಂದೆ. ಕರಡಪ್ಪನವರು ನನ್ನನ್ನು ಕನಿಕರದಿಂದ ನೋಡಿದರು. “ಸಂಪ್ ಅಂತ ಬರೆಯೋದೇನ್ರೀ? ಅದು ಕಚೇರಿ ಭಾಷೆಯೇ?”

ಗುರುವಾರ ಬೆಳಿಗ್ಗೆ ರೈಲಿನಲ್ಲಿ ಎರಡನೇ ಕರಡು ತೋರಿಸಿದರು: ‘ನೆಲಮಟ್ಟದ ಕೆಳಗಿನ ನೀರು ಸಂಗ್ರಹಣಾ ತೊಟ್ಟಿಯ ಸ್ವಚ್ಛತಾ ಕಾಮಗಾರಿ ನಿಮಿತ್ತ’. ಚಿಕ್ಕಬಾಣಾವರ ಬರುವಷ್ಟರಲ್ಲಿ ಅವರೇ ಅದನ್ನು ಹೊಡೆದು ಹಾಕಿದರು. “ಕಾಮಗಾರಿ ಅಂದಮೇಲೆ ಅಂದಾಜು ಪಟ್ಟಿ ಎಲ್ಲಿ ಅಂತ ಕೇಳ್ತಾರೆ.” ಯಶವಂತಪುರ ಬರುವಾಗ ಮೂರನೆಯದು ಸಿದ್ಧವಾಗಿತ್ತು: ‘ಕೌಟುಂಬಿಕ ಕಾರಣಗಳಿಂದ’. ಮೆಟ್ಟಿಲು ಹತ್ತುವಾಗ ಅದೂ ಹೋಯಿತು. ಓದಿದವರು ಮನೆಯಲ್ಲಿ ಜಗಳ ಅಂದುಕೊಳ್ಳುವುದಿಲ್ಲವೇ?

ಶುಕ್ರವಾರ ಬೆಳಿಗ್ಗೆ ಅವರ ಮನೆಯವರು ಸಂಪಿನ ಮುಚ್ಚಳ ತೆಗೆದು ಕೋಲು ಇಳಿಬಿಟ್ಟು ನೋಡಿ, ನಮ್ಮ ಮನೆಗೂ ಕೇಳಿಸುವಂತೆ ಕೂಗಿದರು. “ರೀ, ಮೂರಡಿ ಇದೆ. ಲೆಟರ್ ಕೊಟ್ರಾ?”

ಕೊಟ್ಟಿರಲಿಲ್ಲ. ನಾಲ್ಕನೆಯದರಲ್ಲಿ ‘ಅನಿವಾರ್ಯ ಕಾರಣಗಳಿಂದ’ ಎಂದಿತ್ತು. ಕಾರಣಗಳು ಎಂದು ಬಹುವಚನ ಹಾಕಿದ ಮೇಲೆ ಎರಡನೆಯದು ಯಾವುದು ಎಂಬ ಪ್ರಶ್ನೆ ಏಳುತ್ತದೆ. ಐದನೆಯದರಲ್ಲಿ ‘ತುರ್ತು ಕೆಲಸ’ ಎಂದಿತ್ತು. ಆರು ದಿನ ಮುಂಚೆ ಗೊತ್ತಿರುವುದು ತುರ್ತು ಹೇಗಾಗುತ್ತದೆ? ಶಾಖೆಯ ಹುಡುಗನೊಬ್ಬ, “ಸಾರ್, ಜ್ವರ ಅಂತ ಹಾಕಿ” ಎಂದ. “ಮುಂದಿನ ಗುರುವಾರ ಜ್ವರ ಬರುತ್ತೆ ಅಂತ ಈಗಲೇ ತಿಳಿಯೋಕೆ ನಾನೇನು ಪಂಚಾಂಗಾನಾ?” ಎಂದು ಕರಡಪ್ಪನವರು ಗದರಿದರು. ಆದರೂ ಅಭ್ಯಾಸಕ್ಕಿರಲಿ ಎಂದು ಅದನ್ನೂ ಒಂದು ಸಲ ಬರೆದು ನೋಡಿದರು. ಅದು ಆರನೆಯದು. ಏಳನೆಯದು ‘ಸ್ವಂತ ಕೆಲಸದ ನಿಮಿತ್ತ’. ಅದಕ್ಕೆ ಮೇಡಂ, “ಉಳಿದ ದಿನ ಇಲ್ಲಿ ಮಾಡ್ತಿರೋದು ಯಾರ ಕೆಲಸ?” ಅಂದರೆ?

ಅವರ ಸಂಕಟ ನನಗೆ ಅರ್ಥವಾದದ್ದು ಆಗ. ಸುಳ್ಳು ಹೇಳಿ ರಜೆ ತೆಗೆದುಕೊಳ್ಳುವವರಿಗೆ ಬರೆಯುವುದು ಸುಲಭ. ಸುಳ್ಳನ್ನು ಬೇಕಾದ ಅಳತೆಗೆ ಹೊಲಿದುಕೊಳ್ಳಬಹುದು. ಈ ಮನುಷ್ಯನ ಹತ್ತಿರ ಇದ್ದದ್ದು ಒಂದು ನಿಜ, ಅದೂ ಸಂಪಿನಷ್ಟೇ ನಿಜ. ಅದನ್ನು ನಂಬುವಂತೆ ಬರೆಯಲು ಹೊರಟು ಅನುಮಾನ ಬರುವಂತೆ ಬರೆಯುತ್ತಿದ್ದರು.

ಭಾನುವಾರ, ಸಂಪಿನಲ್ಲಿ ಎರಡಡಿ ಇದ್ದಾಗ, ಅವರು ನಿಯಮಾವಳಿ ಪುಸ್ತಕ ತೆಗೆದರು. ಸಾಂದರ್ಭಿಕ ರಜೆಯಲ್ಲಿರುವ ನೌಕರ ಕರ್ತವ್ಯಕ್ಕೆ ಗೈರುಹಾಜರಾದಂತೆ ಅಲ್ಲ ಎಂಬ ಅಂಶ ಕಣ್ಣಿಗೆ ಬಿತ್ತು. ಇನ್ನೊಬ್ಬನಾಗಿದ್ದರೆ ಖುಷಿಪಡುತ್ತಿದ್ದ. ಇವರು ಬೆವರಿದರು. “ಅಂದ್ರೆ ಗುರುವಾರ ನಾನು ಸಂಪ್ ಕಟ್ಟೆ ಮೇಲೆ ಕೂತಿರೋದು ಕರ್ತವ್ಯದ ಮೇಲೆಯೇ? ಹಾಗಾದ್ರೆ ಕಾರಣ ಇನ್ನೂ ಗಟ್ಟಿಯಾಗಿರ್ಬೇಕು.”

ಹೀಗೆ ಹುಟ್ಟಿತು ಎಂಟನೇ ಕರಡು, ಎರಡು ಪುಟ. ಅದು ದಿವಾನ್ ಶೇಷಾದ್ರಿ ಅಯ್ಯರ್ ಅವರಿಂದ ಶುರುವಾಗುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ, ಅರ್ಕಾವತಿಗೆ ಅಡ್ಡಲಾಗಿರುವ ಹೆಸರಘಟ್ಟ ಕೆರೆಯಿಂದ ಇಟ್ಟಿಗೆ ಕಾಲುವೆಯಲ್ಲಿ ನೀರು ಇದೇ ಸೋಲದೇವನಹಳ್ಳಿಗೆ ಹರಿದು ಬಂದು, ಇಲ್ಲಿನ ಪಂಪ್‌ಹೌಸಿನಲ್ಲಿ ಉಗಿ ಯಂತ್ರಗಳು ಅದನ್ನು ಎತ್ತಿ ನಗರಕ್ಕೆ ತಳ್ಳುತ್ತಿದ್ದವು. ಅಂಥ ಊರಿನಲ್ಲಿ ವಾಸಿಸುವ ಅರ್ಜಿದಾರನು ಇಂದು ಟ್ಯಾಂಕರಿಗೆ ಕಾಯಬೇಕಾಗಿ ಬಂದಿರುವುದನ್ನು ಮಾನ್ಯರು ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ವಿನಂತಿ. ಚೆನ್ನಾಗಿತ್ತು, ಪತ್ರಿಕೆಗೆ ಕಳಿಸಬಹುದಿತ್ತು. ದಿನಾಂಕ ಆ ಚರಿತ್ರೆಯ ನಡುವೆ ಕಳೆದುಹೋಗಬಾರದೆಂದು ಅದನ್ನು ಒಕ್ಕಣೆಯಿಂದ ತೆಗೆದು ‘ವಿಷಯ’ದ ಸಾಲಿಗೆ ಏರಿಸಿದರು.

ಸೋಮವಾರ ಒಂದೂವರೆ ಅಡಿ. ಒಂಬತ್ತನೆಯದರಲ್ಲಿ ಚರಿತ್ರೆ ಹೋಗಿ ‘ದಯಾಳುಗಳಾದ ತಾವು’ ಬಂತು. ಓದಿದರೆ ಅರ್ಜಿಗಿಂತ ಸ್ತೋತ್ರದ ಹಾಗಿತ್ತು. ಮಂಗಳವಾರ ಒಂದಡಿ. ಹತ್ತನೆಯದರಲ್ಲಿ ದಯೆ ಹೋಯಿತು. ‘ವಿಷಯ’ ಎರಡು ಸಾಲಾಗುತ್ತದೆ, ನೋಡಲು ಚೆನ್ನಾಗಿಲ್ಲವೆಂದು ಅದನ್ನೂ ಒಂದು ಸಾಲಿಗೆ ಕತ್ತರಿಸಿದರು. ಕೊನೆಯಲ್ಲಿ ‘ತಮ್ಮ ವಿಧೇಯ’ ಎನ್ನಬೇಕೋ ‘ತಮ್ಮ ವಿಶ್ವಾಸಿ’ ಎನ್ನಬೇಕೋ ಎಂಬುದಕ್ಕೆ ಮಧ್ಯಾಹ್ನದ ಕಾಫಿ ಪೂರ್ತಿ ಹೋಯಿತು. ವಿಧೇಯ ಎಂದರೆ ಬಾಗಿದಂತೆ, ವಿಶ್ವಾಸಿ ಎಂದರೆ ಸಲಿಗೆಯಂತೆ. ಬುಧವಾರ ಬೆಳಿಗ್ಗೆ ಅರ್ಧ ಅಡಿ. ಮನೆಯವರು ಕೂಗಲಿಲ್ಲ, ಒದ್ದೆಯಾದ ಕೋಲನ್ನು ತಂದು ಅವರ ತಿಂಡಿ ತಟ್ಟೆಯ ಪಕ್ಕ ಇಟ್ಟು ಹೋದರು. ‘ವಿಶ್ವಾಸಿ’ ಎಂದು ಹನ್ನೊಂದನೇ ಪ್ರತಿ ಮುಗಿಯಿತು.

ಮೂರು ಗಂಟೆಗೆ ಒಳಗೆ ಹೋದರು. ಧೈರ್ಯಕ್ಕಿರಲಿ ಎಂದು ನಾನೂ ಒಂದು ಕಡತ ಹಿಡಿದು ಹಿಂದೆ ನಿಂತೆ. ಮೇಡಂ ಅರ್ಜಿಯನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಹಸಿರು ಪೆನ್ನಿನ ಮುಚ್ಚಳ ತೆಗೆದರು. ‘ಏಕೆ?’ ಎಂಬುದಕ್ಕೆ ಕರಡಪ್ಪನವರ ನಾಲಿಗೆಯ ಮೇಲೆ ಹತ್ತು ಉತ್ತರಗಳು ಸಾಲಾಗಿ ನಿಂತಿದ್ದವು. ಮೇಡಂ ಅಂಚಿನಲ್ಲಿ ಬರೆದರು: ‘ಯಾವತ್ತು?’

ಕರಡಪ್ಪನವರು ಬಗ್ಗಿ ನೋಡಿದರು. ಬಾಕಿ ರಜೆಯ ಲೆಕ್ಕ ಇತ್ತು. ಟೇಬಲ್ ನೋಡಿಕೊಳ್ಳುವವರ ಹೆಸರಿತ್ತು. ತೊಟ್ಟಿ, ಸ್ವಚ್ಛತೆ, ವಿಶ್ವಾಸ ಎಲ್ಲ ಇತ್ತು. ಗುರುವಾರ ಮಾತ್ರ ಇರಲಿಲ್ಲ.

“ನಾಳೆ ಮೇಡಂ,” ಎಂದರು, ಬಾವಿಯೊಳಗಿಂದ ಮಾತಾಡಿದಂತೆ.

“ಅದನ್ನ ಬರೀರಿ.”

ಅವರು ಹೊಸ ಹಾಳೆಗೆ ತಿರುಗಿದರು. “ಎಲ್ಲಿಗ್ರೀ? ಇದರಲ್ಲೇ ಬರೀರಿ.” ಸಾಲಿನ ಮೇಲೆ ಕಾಗೆಗಾಲು ಹಾಕಿ ನಡುಗುವ ಕೈಯಲ್ಲಿ ದಿನಾಂಕ ಸೇರಿಸಿದರು. ಮೇಡಂ ಸಹಿ ಮಾಡಿದರು. ಎಲ್ಲ ಸೇರಿ ಒಂದೂವರೆ ನಿಮಿಷ. ಕಾಗದ ವಾಪಸ್ ಕೊಡುವಾಗ ಕೇಳಿದರು: “ನೀರು ಸಂಗ್ರಹಣಾ ತೊಟ್ಟಿ ಅಂದ್ರೆ ಸಂಪಾ?”

“ಹೌದು ಮೇಡಂ.”

“ಹಾಗಂತ ಬರೀಬಹುದಿತ್ತಲ್ಲ.”

ಗುರುವಾರ ಸಂಪ್ ಚೆನ್ನಾಗಿ ತೊಳೆದಾಯಿತು. ಕಲ್ಲು ಕಾಣುವಂತೆ ಉಜ್ಜಿದ್ದರು. ಟ್ಯಾಂಕರ್ ಮಾತ್ರ ಬರಲಿಲ್ಲ. ಸಂಜೆ ಫೋನಿಗೆ ಸಿಕ್ಕ ಆಸಾಮಿ, “ನಾಳೆ ಗ್ಯಾರಂಟಿ ಸಾರ್” ಎಂದ. ಓವರ್‌ಹೆಡ್ ಟ್ಯಾಂಕ್ ರಾತ್ರಿಗೇ ಬರಿದು. ಶುಕ್ರವಾರ ಬೆಳಿಗ್ಗೆ ಹಲ್ಲುಜ್ಜಲು ನಮ್ಮ ಮನೆಯಿಂದ ಒಂದು ಕೊಡ ಒಯ್ದ ಕರಡಪ್ಪನವರು, ಜೀವನದಲ್ಲಿ ಮೊದಲ ಸಲ ಕರಡಿಲ್ಲದೆ ಮೇಡಂ ಮೊಬೈಲಿಗೆ ಮೆಸೇಜು ಕಳಿಸಿದರು: ‘ನೀರು ಬಂದಿಲ್ಲ. ಇವತ್ತೂ ರಜೆ ಬೇಕು.’ ಅರ್ಧ ನಿಮಿಷದಲ್ಲಿ ಉತ್ತರ ಬಂತು: ‘ಸರಿ’.

ಇನ್ನು ಮೇಲೆ ಈ ಮನುಷ್ಯ ಸುಧಾರಿಸಿದ ಎಂದು ನಾನು ಮನೆಯಲ್ಲಿ ಹೇಳಿದೆ.

ಸೋಮವಾರ ರೈಲಿನಲ್ಲಿ ನೋಡಿದರೆ ತೊಡೆಯ ಮೇಲೆ ಬಿಳಿ ಹಾಳೆ. ಮೆಸೇಜಿನ ರಜೆಗೆ ಕಾಗದ ಬೇಕಲ್ಲ. ‘ವಿಷಯ: ಒಂದು ದಿನದ ಸಾಂದರ್ಭಿಕ ರಜೆಗೆ ಘಟನೋತ್ತರ ಮಂಜೂರಾತಿ ಕೋರಿ’. ದಿನಾಂಕವನ್ನು ಈ ಸಲ ಮೂರು ಕಡೆ ಬರೆದಿದ್ದರು, ಅಡಿಗೆರೆ ಸಮೇತ.

“ಎಷ್ಟನೆಯದು?” ಎಂದೆ.

“ಮೊದಲನೆಯದು,” ಎಂದವರು ಚಿಕ್ಕಬಾಣಾವರ ದಾಟಿದ ಮೇಲೆ ಪೆನ್ನಿನ ತುದಿ ಕಚ್ಚುತ್ತ ನನ್ನ ಕಡೆ ವಾಲಿದರು. “ಒಂದು ಮಾತು ಹೇಳಿ. ‘ಟ್ಯಾಂಕರ್ ಬಾರದ ಪ್ರಯುಕ್ತ’ ಅಂತ ಬರೆದಿದ್ದೀನಿ. ಅದನ್ನ ಓದಿದ್ರೆ ಟ್ಯಾಂಕರಿನವನ ಮೇಲೆ ನಾನು ದೂರು ಕೊಟ್ಟ ಹಾಗಾಗಲ್ವಾ?”