ಏನನ್ನೂ ಹೇಳದೆ ಬಹಳ ಹೊತ್ತು ಮಾತಾಡಿದವರಿಗೆ

ಮಾನ್ಯ ಮ್ಯಾನೇಜ್‌ಮೆಂಟಿನವರೇ,

ಮೊನ್ನೆಯ ಟೌನ್‌ಹಾಲಿಗಾಗಿ ನಿಮಗೆ ಅಭಿನಂದನೆಗಳು. "ಲೇಆಫ್ ಇದೆಯೇ?" ಎಂದು ಕೇಳಿದರೆ ಹೌದು, ಇಲ್ಲ ಎರಡನ್ನೂ ಬಿಟ್ಟು ಅಷ್ಟು ಹೊತ್ತು ಉತ್ತರಿಸುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಸಂಸ್ಥೆಯನ್ನು ಭವಿಷ್ಯಕ್ಕೆ ಸಜ್ಜುಗೊಳಿಸುತ್ತಿದ್ದೀರಂತೆ. ಆ ಭವಿಷ್ಯದಲ್ಲಿ ನಾವಿದ್ದೇವೆಯೇ ಎಂದು ಕೇಳುವಷ್ಟರಲ್ಲಿ ನಿಮ್ಮ ಸಮಯ ಮುಗಿದಿತ್ತು.

ನೀವು ಬಾಯಿ ಬಿಡದ ಕಾರಣ ಉತ್ತರಿಸುವ ಹೊಣೆಯನ್ನು ಔಟರ್ ರಿಂಗ್ ರೋಡಿನ ಟೀ ಅಂಗಡಿ ಹೊತ್ತುಕೊಂಡಿದೆ. ಅಲ್ಲಿನ ಸುದ್ದಿಯಲ್ಲಿ ಸೋಮವಾರ ಇನ್ನೂರು ಜನ ಕೆಲಸ ಕಳೆದುಕೊಳ್ಳುತ್ತಾರೆ. ಬುಧವಾರದ ಹೊತ್ತಿಗೆ ಎಂಟುನೂರು. ಹಾಗಾಗಿ "ಯಾರೋ ಹೇಳಿದರು" ಎಂಬುದನ್ನು ಟೀ ಲೋಟದ ಜೊತೆಗೇ ಬಿಟ್ಟು ಬರುತ್ತೇವೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ: ಕಾಂಟ್ರಾಕ್ಟ್‌ನವರ ಅವಧಿ ನವೀಕರಣವಾಗಿಲ್ಲ, ಖಾಲಿ ಹುದ್ದೆಗಳ ಜಾಹೀರಾತು ಮಾಯವಾಗಿದೆ, ಬೆಂಚಿನಲ್ಲಿರುವವರನ್ನು ಯಾವ ಪ್ರಾಜೆಕ್ಟೂ ಕರೆಯುತ್ತಿಲ್ಲ.

ಕೆಲಸವೂ ನಡೆಯುತ್ತಿದೆ. ಆರು ತಿಂಗಳ ಯೋಜನೆಗೆ ಈಗ ಮನಸ್ಸು ನಿಲ್ಲುವುದಿಲ್ಲ, ಅದಕ್ಕೇ ವಾರದಲ್ಲಿ ಮುಗಿಯುವಂಥದ್ದನ್ನು ಹಿಡಿಯುತ್ತೇವೆ. ಶುಕ್ರವಾರ ಸಂಜೆ, ಏನು ಮಾಡಿದೆವು, ಅದರಿಂದ ಏನಾಯಿತು ಎಂದು ನಾಲ್ಕು ಸಾಲು ಬರೆದಿಡುತ್ತೇವೆ. ಉಳಿದರೆ ಅಪ್ರೈಸಲ್‌ಗೆ, ಹೋದರೆ ರೆಸ್ಯೂಮೆಗೆ. ಕೋಡನ್ನಾಗಲಿ ಗ್ರಾಹಕರ ಕಡತವನ್ನಾಗಲಿ ಸ್ವಂತ ಇಮೇಲಿಗೆ ಕಳಿಸಿಕೊಳ್ಳುವುದಿಲ್ಲ; ಕಾರಣ ಹುಡುಕುವ ಶ್ರಮ ನಿಮಗೆ ತಪ್ಪಬಾರದಲ್ಲ! ಪೇಸ್ಲಿಪ್, ಫಾರಂ 16, ನೇಮಕಾತಿ ಪತ್ರವನ್ನು ಮಾತ್ರ ಆಗಲೇ ಇಳಿಸಿಕೊಂಡಾಗಿದೆ. ಕೆಲಸದಿಂದ ತೆಗೆಯುವ ಕರೆ ಬಂದ ದಿನವೇ ಲಾಗಿನ್ ಸಾಯುವುದನ್ನು ನಾವು ಕಂಡಿದ್ದೇವೆ.

ಇನ್ನು ಆ ಕರೆ ಬಂದವರನ್ನು ಕೂರಿಸುವ ಚಿಕ್ಕ ಮೀಟಿಂಗ್ ರೂಮಿನ ವಿಷಯ. ಅಲ್ಲಿ ತೆಗೆದುಹಾಕುವ ಆದೇಶ ಇರುವುದಿಲ್ಲ, ನಮ್ಮದೇ ಹೆಸರಿನ ರಾಜೀನಾಮೆ ಪತ್ರ ಸಿದ್ಧವಾಗಿರುತ್ತದೆ. "ಸಹಿ ಹಾಕಿ, ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ" ಎನ್ನುತ್ತೀರಿ. ಏಳು ವರ್ಷ ದುಡಿದವರೊಬ್ಬರ ಉದಾಹರಣೆ ನೋಡಿ. ಗ್ರಾಚ್ಯುಟಿಗೆ ಹಿಡಿಯುವ ಸಂಬಳ ತಿಂಗಳಿಗೆ 60,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ, 15ರಿಂದಲೂ ಏಳರಿಂದಲೂ ಗುಣಿಸಿದರೆ ಸುಮಾರು 2.42 ಲಕ್ಷ. ಐದು ವರ್ಷ ದಾಟಿದವರಿಗೆ ಇದು ರಾಜೀನಾಮೆ ಕೊಟ್ಟರೂ ಬರುತ್ತದೆ, ನಿಮ್ಮ ಉಪಕಾರವಲ್ಲ. ಕಂಪನಿಯೇ ತೆಗೆದರೆ ಇದರ ಜೊತೆಗೆ ನೋಟಿಸ್ ಅವಧಿಯ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳದ ಪರಿಹಾರ ಕೇಳಬಹುದು. ಮ್ಯಾನೇಜರುಗಳಿಗೆ ಆ ಪರಿಹಾರ ಅನ್ವಯಿಸದು; ಆದರೆ ಯಾರು ಮ್ಯಾನೇಜರ್ ಎಂಬುದಕ್ಕೆ ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವೇ ಮುಖ್ಯ. "ಸ್ವಇಚ್ಛೆಯಿಂದ" ಎಂದು ಸಹಿ ಮಾಡಿದ ಮೇಲೆ ಆ ಪರಿಹಾರವನ್ನು ಕೇಳುವುದು ಕಷ್ಟ.

ಆದ್ದರಿಂದ, ಅಕ್ಕಪಕ್ಕದ ಸೀಟಿನವರೇ, ಅಲ್ಲೇ ಸಹಿ ಹಾಕಬೇಡಿ. ಪ್ರತಿ ಕೇಳಿ, ಮನೆಗೆ ಒಯ್ಯಿರಿ, ವಕೀಲರಿಗೋ ಸಂಘದವರಿಗೋ ತೋರಿಸಿ. ಮ್ಯಾನೇಜ್‌ಮೆಂಟಿನವರೇ, ನಿಮ್ಮಲ್ಲಿ ಕೋರಿಕೆ ಒಂದೇ: ಎಷ್ಟು ಜನ, ಯಾವ ತಂಡ, ಯಾವ ತಾರೀಖು ಎಂಬುದನ್ನು ಹೇಳಿಬಿಡಿ. ಈ ತಿಂಗಳ ಇಎಂಐ ಕಟ್ಟುವ ಮೊದಲೇ ಹೇಳಿ.

ಇಂತಿ,
ಇನ್ನೂ ಲಾಗಿನ್ ಇರುವವನು